ಶನಿವಾರದ ಸಾಲ: ಕಂದುವಟ್ಟಿ ಬದುಕಿರುವುದು ಯಾವುದರ ಬಲದಿಂದ?

ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಲ್ಲಿ ವಾರದ ಕೂಲಿ ಕೈಗೆ ಬರುವುದು ಸಾಮಾನ್ಯವಾಗಿ ಶನಿವಾರ ಸಂಜೆ. ಅದೇ ಸಂಜೆ ಸಣ್ಣ ಘಟಕಗಳ ಬಾಗಿಲಲ್ಲಿ, ಮಾರುಕಟ್ಟೆಯ ತಳ್ಳುಗಾಡಿಗಳ ಬಳಿ, ಬಾಡಿಗೆ ಮನೆಗಳ ಸಾಲಿನಲ್ಲಿ ದ್ವಿಚಕ್ರ ವಾಹನದ ಮೇಲೆ ಸುತ್ತುವವರೂ ಕಾಣಿಸುತ್ತಾರೆ. ಅವರ ಕೈಯಲ್ಲೊಂದು ಸಣ್ಣ ಪುಸ್ತಕ, ಭುಜಕ್ಕೊಂದು ಚೀಲ. ಹೆಸರು, ದಿನಾಂಕ, ಮೊತ್ತ ಇಷ್ಟನ್ನು ಬರೆದುಕೊಂಡು ಮುಂದಿನ ಬಾಗಿಲಿಗೆ ಹೋಗುತ್ತಾರೆ. ಇದಕ್ಕೆ ತಮಿಳಿನಲ್ಲಿ ತಂಡಲ್ ಎಂದು ಹೆಸರು. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಕನ್ನಡ ಮನೆಗಳಲ್ಲಿಯೂ ಆ ಮಾತು ಹಾಗೆಯೇ ಬಳಕೆಯಲ್ಲಿದೆ.

ತಂಡಲಿನ ಲೆಕ್ಕ ನೋಡಲು ಸರಳ. ಹತ್ತು ಸಾವಿರ ರೂಪಾಯಿ ಸಾಲ ಎಂದು ಪುಸ್ತಕದಲ್ಲಿ ಬರೆಯುತ್ತಾರೆ. ಕೈಗೆ ಕೊಡುವುದು 8,500. ಉಳಿದ 1,500 ಮೊದಲೇ ಹಿಡಿದುಕೊಂಡ ಬಡ್ಡಿ. ಮರುದಿನದಿಂದ ದಿನಕ್ಕೆ 100 ರೂಪಾಯಿಯಂತೆ ನೂರು ದಿನ ಕಟ್ಟಿದರೆ ಸಾಲ ತೀರಿತು. ಪಡೆದವರು ಇದನ್ನು ಶೇ. 15ರ ಬಡ್ಡಿ ಎಂದೇ ತಿಳಿಯುತ್ತಾರೆ. ಮಕ್ಕಳ ಗಣಿತ ಪುಸ್ತಕದ ಸರಳ ಬಡ್ಡಿಯ ಪಾಠವನ್ನು ತೆರೆದು ಕುಳಿತರೆ ಬೇರೆಯೇ ಉತ್ತರ ಬರುತ್ತದೆ. ಸಾಲಗಾರನ ಬಳಿ 8,500 ರೂಪಾಯಿ ಪೂರ್ತಿಯಾಗಿ ಇರುವುದು ಮೊದಲ ದಿನ ಮಾತ್ರ. ಪ್ರತಿ ದಿನವೂ ಅಸಲು ಕರಗುತ್ತಿರುವುದರಿಂದ ನೂರು ದಿನಗಳ ಸರಾಸರಿಯಲ್ಲಿ ಅವನು ಬಳಸಿಕೊಂಡದ್ದು ಅದರ ಅರ್ಧದಷ್ಟು, ಅಂದರೆ ಸುಮಾರು 4,250 ರೂಪಾಯಿ. ಅಷ್ಟಕ್ಕೆ ನೂರು ದಿನಕ್ಕೆ 1,500 ಬಡ್ಡಿ ಎಂದರೆ ವರ್ಷಕ್ಕೆ ಶೇ. 120ಕ್ಕೂ ಮಿಕ್ಕಿ. ಬೆಳಿಗ್ಗೆ 900 ಕೊಟ್ಟು ಸಂಜೆ 1,000 ಪಡೆಯುವ ದಿನದ ವಟ್ಟಿಗೆ ವಾರ್ಷಿಕ ಲೆಕ್ಕ ಹಾಕಲು ಹೊರಟರೆ ಅದು ಹಾಸ್ಯದಂತೆ ತೋರುತ್ತದೆ. ಗಡುವು ತಪ್ಪಿದಂತೆ ಆಟೋರಿಕ್ಷಾದ ಮೀಟರಿನ ಹಾಗೆ ಏರುತ್ತ ಹೋಗುವುದು ಮೀಟರ್ ವಟ್ಟಿ. ಇವೆಲ್ಲಕ್ಕೂ ಜನ ಇಟ್ಟಿರುವ ಒಟ್ಟು ಹೆಸರು ಕಂದುವಟ್ಟಿ.

ಇಷ್ಟು ಬಡ್ಡಿ ತೆಗೆದುಕೊಳ್ಳುವ ಎಲ್ಲರೂ ಅಪರಾಧಿ ಕೂಟದವರೇನಲ್ಲ. ಬ್ಯಾಂಕು ಮುಖ ತಿರುಗಿಸಿದವರಿಗೆ ಅರ್ಧ ಗಂಟೆಯಲ್ಲಿ ಹಣ ತಂದುಕೊಡುವ ತಂಡಲ್‌ಗಾರನ ಬಗ್ಗೆ ಹೂವು ಮಾರುವ ಹೆಂಗಸರು ಬಹಳ ಸಲ ಒಳ್ಳೆಯ ಮಾತನ್ನೇ ಆಡುತ್ತಾರೆ. ಹಾಗಾದರೆ ವ್ಯವಹಾರ ಎಲ್ಲಿ ಮುಗಿಯುತ್ತದೆ, ಸಂಘಟಿತ ಅಪರಾಧ ಎಲ್ಲಿ ಆರಂಭವಾಗುತ್ತದೆ? ಈ ಪ್ರಶ್ನೆಗೆ ಅಪರಾಧಶಾಸ್ತ್ರಜ್ಞರು ಕೊಡುವ ಉತ್ತರಕ್ಕೆ ಬಡ್ಡಿಯ ದರ ಆಧಾರವಲ್ಲ, ವಸೂಲಿಯ ವಿಧಾನ ಆಧಾರ. ಮಾತು ತಪ್ಪಿದವನಿಂದ ಹಣ ಹೇಗೆ ಬರುತ್ತದೆ ಎಂಬುದನ್ನೇ ಅವರು ಮೊದಲು ಕೇಳುತ್ತಾರೆ.

ಇಟಲಿಯ ವಿದ್ವಾಂಸ ಡಿಯೇಗೋ ಗಾಂಬೆಟ್ಟ ಸಿಸಿಲಿಯ ಮಾಫಿಯಾ ಕುರಿತು 1993ರಲ್ಲಿ ಪ್ರಕಟಿಸಿದ ಗ್ರಂಥ ಈ ಚರ್ಚೆಯ ದಿಕ್ಕನ್ನೇ ಬದಲಿಸಿತು. ಮಾಫಿಯಾ ಎಂದರೆ ಕೊಲೆಗಡುಕರ ಗುಂಪು ಎಂದು ತಿಳಿಯುವ ಬದಲು, ಅದೂ ಒಂದು ಸರಕನ್ನು ಮಾರುವ ಉದ್ಯಮ ಎಂದು ನೋಡಿರೆಂದು ಅವನು ವಾದಿಸಿದ. ಆ ಸರಕಿನ ಹೆಸರು ರಕ್ಷಣೆ. ದನ ಮಾರುವವನಿಗೆ ಕಟುಕನ ಮೇಲೆ ನಂಬಿಕೆಯಿಲ್ಲ. ಕಟುಕನಿಗೆ ಮಾರುವವನ ಮೇಲೆ ನಂಬಿಕೆಯಿಲ್ಲ. ನ್ಯಾಯಾಲಯದ ಮೇಲೆ ಇಬ್ಬರಿಗೂ ಭರವಸೆಯಿಲ್ಲ. ಆಗ ಇಬ್ಬರೂ ಹೆದರುವ ಮೂರನೆಯವನೊಬ್ಬ ನಡುವೆ ನಿಂತು, ಮಾತು ಮುರಿದವನನ್ನು ತಾನು ನೋಡಿಕೊಳ್ಳುವೆನೆಂದು ಹೇಳಿ, ವ್ಯವಹಾರದಲ್ಲೊಂದು ಪಾಲು ಪಡೆಯುತ್ತಾನೆ. ಅಪನಂಬಿಕೆ ಇರುವವರೆಗೂ ಅವನಿಗೆ ಕೆಲಸವಿದೆ. ಆದ್ದರಿಂದಲೇ ಅಪನಂಬಿಕೆ ಪೂರ್ತಿ ನೀಗುವುದು ಅವನಿಗೆ ಬೇಕಿಲ್ಲ.

ಸಿಸಿಲಿಯ ಈ ಮಾತನ್ನು ನೊಯ್ಯಲ್ ದಂಡೆಗೆ ತಂದರೆ ಒಂದು ಭಾಗ ಹೊಂದುತ್ತದೆ, ಇನ್ನೊಂದು ಭಾಗ ಹೊಂದುವುದಿಲ್ಲ. ತಿರುಪ್ಪೂರು ಬೆಳೆದದ್ದು ನಂಬಿಕೆಯ ಕೊರತೆಯಿಂದಲ್ಲ. ಈ ಪಟ್ಟಣವನ್ನು ಅಧ್ಯಯನ ಮಾಡಿದ ಶರದ್ ಚಾರಿ ತಮ್ಮ 2004ರ ಗ್ರಂಥದಲ್ಲಿ ತೋರಿಸಿದಂತೆ, ಹೊಲದಿಂದ ಬಂದ ಗೌಂಡರ್ ಸಮುದಾಯದ ದುಡಿಮೆಗಾರರು ಕಾರ್ಖಾನೆಯ ಒಡೆಯರಾದದ್ದು ಬಂಧುತ್ವ, ಜಾತಿ ಮತ್ತು ದುಡಿಮೆಯ ಹೆಸರಿನ ಮೇಲೆ ಹುಟ್ಟಿದ ಪರಸ್ಪರ ಭರವಸೆಯಿಂದ. ಮಾವನ ಮಾತಿನ ಮೇಲೆ ನೂಲು ಸಿಗುತ್ತಿತ್ತು, ಭಾವಮೈದುನನ ಮಾತಿನ ಮೇಲೆ ಯಂತ್ರ ಸಿಗುತ್ತಿತ್ತು. ಇಂಥ ಬಲೆಯ ಒಳಗಿರುವವನಿಗೆ ಕಂದುವಟ್ಟಿಯ ಬಾಗಿಲು ತಟ್ಟುವ ಅಗತ್ಯ ಕಡಿಮೆ. ಅದರ ಹೊರಗಿರುವವನ ಕಥೆ ಬೇರೆ. ಬೇರೆ ಜಿಲ್ಲೆಯಿಂದ ಬಂದವನು, ಬಂಧುಬಲವಿಲ್ಲದ ಟೈಲರ್, ಗಂಡನನ್ನು ಕಳೆದುಕೊಂಡು ನಾಲ್ಕು ಯಂತ್ರ ನಡೆಸುತ್ತಿರುವ ಹೆಂಗಸು ಇಂಥವರಿಗೆ ನಂಬಿಕೆ ದುಬಾರಿ ಬೆಲೆಗೆ ಸಿಗುತ್ತದೆ.

ಅಂಥ ಒಂದು ಘಟಕವನ್ನು ಕಲ್ಪಿಸಿಕೊಂಡು ಲೆಕ್ಕ ಹಾಕಿ ನೋಡೋಣ. ತಿರುಪ್ಪೂರಿನಲ್ಲಿ ಹೊಲಿಗೆಯ ಕೂಲಿ ಕೆಲಸ ಮಾಡುವ ಸಣ್ಣ ಘಟಕಕ್ಕೆ ಪವರ್ ಟೇಬಲ್ ಎನ್ನುತ್ತಾರೆ. ಹದಿನೈದು ಮಂದಿ ದುಡಿಯುವ ಪವರ್ ಟೇಬಲಿನಲ್ಲಿ ವಾರಕ್ಕೆ ಒಬ್ಬರಿಗೆ 4,000 ರೂಪಾಯಿ ಎಂದಿಟ್ಟುಕೊಂಡರೆ ಶನಿವಾರ 60,000 ಬೇಕು. ಕೆಲಸ ಕೊಟ್ಟ ಕಂಪನಿ ಹಣ ಕೊಡುವುದು ಎರಡು ತಿಂಗಳಾದ ಮೇಲೆ. ಎಂಟು ಶನಿವಾರಗಳ ಕೂಲಿಯೇ 4,80,000 ಆಯಿತು. ಒಡೆಯನ ಬಳಿ ಕೈಗಂಟು 1,80,000 ಇದ್ದರೆ ಇನ್ನು 3,00,000 ಎಲ್ಲಿಂದ ತರಬೇಕು? ಯಂತ್ರ ಹಳೆಯದು, ಕಟ್ಟಡ ಬಾಡಿಗೆಯದು. ಬ್ಯಾಂಕು ಕೇಳುವ ಆಧಾರ ಅವನಲ್ಲಿಲ್ಲ. ನೂರಕ್ಕೆ ತಿಂಗಳಿಗೆ ಹತ್ತು ರೂಪಾಯಿಯಂತೆ ಸಾಲ ತಂದರೆ ಮೊದಲ ತಿಂಗಳ ಬಡ್ಡಿ ಮುರಿದುಕೊಂಡು ಕೈಗೆ ಬರುವುದು 2,70,000. ಆಮೇಲೆ ಪ್ರತಿ ತಿಂಗಳೂ 30,000 ಬಡ್ಡಿ. ತಿಂಗಳ ಕೂಲಿ 2,40,000ದ ಮೇಲೆ ಅವನಿಗೆ ಶೇ. 10ರ ಲಾಭ ಉಳಿದರೂ ಅದು 24,000 ಮಾತ್ರ. ಬಡ್ಡಿ ಕಟ್ಟಲು ಪ್ರತಿ ತಿಂಗಳೂ 6,000 ಕೊರೆ ಬೀಳುತ್ತದೆ, ಅಸಲಿಗೆ ಒಂದು ಕಾಸೂ ಸೇರುವುದಿಲ್ಲ. ಕುಡಿತವಿಲ್ಲದೆ, ಜೂಜಿಲ್ಲದೆ, ಸೋಮಾರಿತನವಿಲ್ಲದೆ, ಬಿಲ್ಲು ತಡವಾಗಿ ಬಂದ ಒಂದೇ ಕಾರಣಕ್ಕೆ ಈ ಮನುಷ್ಯ ಮುಳುಗುತ್ತಿದ್ದಾನೆ. ಸೋಮನೂರು, ಪಲ್ಲಡಂ ಕಡೆಯ ಪವರ್‌ಲೂಮ್ ನೇಕಾರರ ಪಾಡೂ ಇದಕ್ಕೆ ದೂರವಲ್ಲ. 2014ರ ಬಳಿಕ ಕೂಲಿ ಏರಲಿಲ್ಲವೆಂದು ಅವರು 2022ರ ಜನವರಿಯಲ್ಲಿ ಮಗ್ಗ ನಿಲ್ಲಿಸಿ ಮುಷ್ಕರ ಹೂಡಿದ್ದರು.

ಈಗ ಅವನು ಬಡ್ಡಿ ಕಟ್ಟುವುದನ್ನು ನಿಲ್ಲಿಸಿದನೆನ್ನಿ. ಏನಾಗುತ್ತದೆ? ಚಲನಚಿತ್ರಗಳು ಇಲ್ಲಿ ಮಚ್ಚು ಹಿಡಿದವರನ್ನು ತೋರಿಸುತ್ತವೆ. ಅಮೆರಿಕದ ಅರ್ಥಶಾಸ್ತ್ರಜ್ಞ ಪೀಟರ್ ರಾಯ್ಟರ್ ನ್ಯೂಯಾರ್ಕಿನ ಅಕ್ರಮ ಸಾಲದ ದಂಧೆಯನ್ನು ಅಧ್ಯಯನ ಮಾಡಿ 1983ರ ಗ್ರಂಥದಲ್ಲಿ ಬರೆದದ್ದು ಇದಕ್ಕೆ ಬಹುಮಟ್ಟಿಗೆ ವಿರುದ್ಧ. ನಿಜವಾದ ಹೊಡೆತ ಅಲ್ಲಿ ವಿರಳವಾಗಿತ್ತು. ಹೊಡೆತ ತಿಂದವನು ದುಡಿಯಲಾರ, ದುಡಿಯದವನು ಕಟ್ಟಲಾರ. ಮೇಲಾಗಿ ಪೊಲೀಸರ ಕಣ್ಣೂ ಬೀಳುತ್ತದೆ. ಸಾಲ ಕೊಡುವವನಿಗೆ ಬೇಕಾದದ್ದು ಹೊಡೆಯಬಲ್ಲವನೆಂಬ ಹೆಸರು. ಆ ಹೆಸರು ಒಮ್ಮೆ ನಿಂತರೆ ವರ್ಷಗಟ್ಟಲೆ ಕೆಲಸ ಮಾಡುತ್ತದೆ. ಅವನ ಕಡೆಯ ಇಬ್ಬರು ಹುಡುಗರು ಘಟಕದ ಎದುರಿನ ಚಹಾದ ಅಂಗಡಿಯಲ್ಲಿ ಮೂರು ಗಂಟೆ ಸುಮ್ಮನೆ ಕುಳಿತು ಹೋದರೂ ಸಾಕಾಗುತ್ತದೆ.

ಆ ಹೆಸರನ್ನು ಗಳಿಸಿಕೊಡಲು ಹುಡುಗರು ಎಲ್ಲಿಂದ ಬರುತ್ತಾರೆ ಎಂಬುದು ಅಪರಾಧಶಾಸ್ತ್ರದ ಇನ್ನೊಂದು ಹಳೆಯ ಪ್ರಶ್ನೆ. ಷಿಕಾಗೋ ನಗರದ 1,313 ಗುಂಪುಗಳನ್ನು ನೋಡಿ 1927ರಲ್ಲಿ ಪುಸ್ತಕ ಬರೆದ ಫ್ರೆಡರಿಕ್ ಥ್ರಾಷರ್, ಕಾರ್ಖಾನೆಗಳಿಗೂ ನೆಮ್ಮದಿಯ ಬಡಾವಣೆಗಳಿಗೂ ನಡುವಿನ ಸಂದುಗಳಲ್ಲಿ, ಮನೆಯ ಹಿಡಿತವೂ ಶಾಲೆಯ ಹಿಡಿತವೂ ಸಡಿಲವಾದ ಕಡೆ ಗುಂಪುಗಳು ಹುಟ್ಟುತ್ತವೆ ಎಂದ. ಅವು ಮೊದಲು ಆಟದ ಗೆಳೆತನ. ಬೇರೆ ಗುಂಪಿನೊಡನೆ ಜಗಳ ಬಂದಾಗ ಗಟ್ಟಿಯಾಗುತ್ತವೆ. ಕೊಯಮತ್ತೂರು ನಗರದಲ್ಲಿ 2023ರ ಫೆಬ್ರವರಿ 13ರಂದು ನ್ಯಾಯಾಲಯ ಸಂಕೀರ್ಣದ ಸಮೀಪ ಹಾಡಹಗಲೇ ಯುವಕನೊಬ್ಬನ ಕೊಲೆಯಾಯಿತು. ತನಿಖೆಯಲ್ಲಿ ಎದ್ದು ಕಂಡದ್ದು ಗುಂಪುಗಳ ಹಗೆ, ಸೇಡಿಗೆ ಸೇಡು. ಆಯುಧ ಹಿಡಿದು ತೆಗೆಸಿಕೊಂಡ ಚಿತ್ರಗಳನ್ನು ಇನ್‌ಸ್ಟಾಗ್ರಾಮಿನಲ್ಲಿ ಹಾಕುವವರ ಮೇಲೂ ಪೊಲೀಸರು ಆಗ ಕಣ್ಣಿಟ್ಟರು. ಈ ಕೊಲೆಗೂ ಬಡ್ಡಿ ವ್ಯವಹಾರಕ್ಕೂ ನಂಟು ಕಲ್ಪಿಸಬೇಕಿಲ್ಲ. ಆದರೆ ಇಂಥ ಹೆಸರುಳ್ಳ ಹುಡುಗರು ಒಂದು ಊರಿನಲ್ಲಿದ್ದರೆ ಆ ಹೆಸರನ್ನು ಬಾಡಿಗೆಗೆ ಪಡೆಯುವವರೂ ಹುಟ್ಟಿಕೊಳ್ಳುತ್ತಾರೆ. ಹುಡುಗರಿಗೆ ಇದರಿಂದ ಸಿಗುವುದು ಅತ್ಯಲ್ಪ. ಷಿಕಾಗೋದ ಮಾದಕವಸ್ತು ಗುಂಪೊಂದರ ಲೆಕ್ಕದ ಪುಸ್ತಕಗಳನ್ನೇ ಪರಿಶೀಲಿಸಿ ಸ್ಟೀವನ್ ಲೆವಿಟ್ ಮತ್ತು ಸುಧೀರ್ ವೆಂಕಟೇಶ್ 2000ದಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬೀದಿಯಲ್ಲಿ ನಿಲ್ಲುವ ಹುಡುಗರ ಗಳಿಕೆ ಕನಿಷ್ಠ ಕೂಲಿಯ ಆಸುಪಾಸಿನಲ್ಲೇ ಇತ್ತು. ಹಣವೆಲ್ಲ ಮೇಲಿನ ಕೆಲವರದು. ಪ್ರಾಣದ ಭಯ ಮಾತ್ರ ಕೆಳಗಿನವರ ಪಾಲಿನದು.

ಹೆದರಿಕೆಯ ಜೊತೆಗೆ ಇನ್ನೊಂದು ಅಸ್ತ್ರವಿದೆ, ಅದು ಕಾನೂನೇ. ಗಾಂಬೆಟ್ಟನ ಸಿಸಿಲಿಗೂ ನಮ್ಮ ಜಿಲ್ಲೆಗಳಿಗೂ ಇರುವ ವ್ಯತ್ಯಾಸ ಇಲ್ಲಿ ಸ್ಪಷ್ಟವಾಗುತ್ತದೆ. ಸಾಲ ಕೊಡುವಾಗ ಮೊತ್ತ ಬರೆಯದೆ ಸಹಿ ಮಾಡಿದ ಎರಡು ಚೆಕ್ಕು, ಖಾಲಿ ಪ್ರಾಮಿಸರಿ ನೋಟು, ಖಾಲಿ ಛಾಪಾ ಕಾಗದ ಪಡೆಯುವುದು ರೂಢಿ. ವಿವಾದ ಬಂದಾಗ ಚೆಕ್ಕಿನಲ್ಲಿ ಬೇಕಾದ ಮೊತ್ತ ಬರೆದು ಬ್ಯಾಂಕಿಗೆ ಹಾಕಿದರೆ ಅದು ಹಿಂತಿರುಗುತ್ತದೆ. ಕೂಡಲೇ ಚೆಕ್ ಅಮಾನ್ಯದ ಮೊಕದ್ದಮೆ. ಸಹಿ ತನ್ನದೇ ಎಂದು ಒಪ್ಪಿಕೊಂಡವನೇ ಸಾಲ ಅಷ್ಟಿರಲಿಲ್ಲವೆಂದು ತೋರಿಸಿಕೊಡಬೇಕು, ಏಕೆಂದರೆ ಚೆಕ್ಕು ಕೈಯಲ್ಲಿರುವವನ ಪರವಾಗಿಯೇ ಕಾಯಿದೆಯ ಪೂರ್ವಗ್ರಹಿಕೆ ಇದೆ. ಶಿಕ್ಷೆ ಎರಡು ವರ್ಷದವರೆಗೂ ಹೋಗಬಹುದು. ಹೀಗೆ ಪರವಾನಗಿಯಿಲ್ಲದೆ, ರಸೀದಿಯಿಲ್ಲದೆ ಕೊಟ್ಟ ಸಾಲ ಸರ್ಕಾರದ ನ್ಯಾಯಾಲಯದ ಮೂಲಕವೇ ವಸೂಲಾಗುತ್ತದೆ. ರಾಜ್ಯ ಇಲ್ಲದಿರುವ ಕಡೆ ಮಾಫಿಯಾ ಹುಟ್ಟುತ್ತದೆ ಎಂಬ ಮಾತು ಇಲ್ಲಿ ಅರ್ಧ ಸತ್ಯವಷ್ಟೆ. ರಾಜ್ಯ ಇದೆ, ಆದರೆ ಕಾಗದ ಯಾರ ಕೈಯಲ್ಲಿದೆಯೋ ಅವರ ಕಡೆಗೆ ಅದು ಬೇಗ ಬರುತ್ತದೆ.

ಮನೆ ಅಥವಾ ನಿವೇಶನ ಇರುವವರಿಂದ ಅಡಮಾನ ಪತ್ರದ ಬದಲು ನೇರ ಕ್ರಯಪತ್ರವನ್ನೇ ಬರೆಸಿಕೊಳ್ಳುವುದುಂಟು, ಇಲ್ಲವೇ ಮಾರುವ ಅಧಿಕಾರವನ್ನೊಳಗೊಂಡ ಅಧಿಕಾರಪತ್ರ. ಸಾಲ ತೀರಿದರೆ ಹಿಂದಕ್ಕೆ ಬರೆದುಕೊಡುತ್ತೇನೆ ಎಂಬುದು ಬಾಯಿಮಾತು. ಇಲ್ಲಿಗೆ ಬಂದಾಗ ಸಾಲ ಕೊಟ್ಟವನ ಹಿತ ತಲೆಕೆಳಗಾಗುತ್ತದೆ. ಹಣ ತೀರದಿರುವುದೇ ಅವನಿಗೆ ಲಾಭ. ಅಮೆರಿಕದ ಸಮಾಜವಿಜ್ಞಾನಿ ಚಾರ್ಲ್ಸ್ ಟಿಲ್ಲಿ 1985ರ ಪ್ರಬಂಧವೊಂದರಲ್ಲಿ ರಕ್ಷಣೆಯ ಎರಡು ಮುಖಗಳನ್ನು ಬೇರ್ಪಡಿಸಿದ: ಹೊರಗಿನ ಅಪಾಯದಿಂದ ಕಾಯುವವನು ಒಬ್ಬ, ಅಪಾಯವನ್ನು ತಾನೇ ಹುಟ್ಟಿಸಿ ಅದರಿಂದ ಕಾಯಲು ಬೆಲೆ ಕೇಳುವವನು ಇನ್ನೊಬ್ಬ. ಎರಡನೆಯವನೇ ಸುಲಿಗೆಗಾರ. ತಂಡಲ್‌ಗಾರನನ್ನೂ ಕಂದುವಟ್ಟಿಯ ಕೂಟವನ್ನೂ ಬೇರ್ಪಡಿಸಲು ಇದು ಚೆನ್ನಾಗಿ ಒದಗುತ್ತದೆ. ಅಸಲನ್ನು ಒಟ್ಟಿಗೆ ತಂದುಕೊಟ್ಟರೆ ಪಡೆದು ಚೀಟಿ ಹರಿಯುವವನು ವ್ಯಾಪಾರಿ. ಒಟ್ಟಿಗೆ ಬೇಡ, ಬಡ್ಡಿಯನ್ನೇ ಕಟ್ಟುತ್ತಿರು ಎನ್ನುವವನು, ಚೆಕ್ಕನ್ನು ಹುಡುಕಿ ಕೊಡುತ್ತೇನೆಂದು ತಿಂಗಳುಗಟ್ಟಲೆ ಮುಂದೂಡುವವನು, ಕಟ್ಟಲಾಗದ ವಾರದಲ್ಲಿ ತಾನೇ ಇನ್ನೊಂದು ಸಾಲ ಕೊಟ್ಟು ಹಳೆಯದಕ್ಕೆ ಜಮಾ ಮಾಡಿಕೊಳ್ಳುವವನು ಬೇರೆ ಜಾತಿಯವನು.

ಇಂಥವರಿಗೆ ನಿಜವಾಗಿ ಸುಲಭದ ಬೇಟೆ ಯಾರು? 2005ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಥಾಮಸ್ ಷೆಲ್ಲಿಂಗ್ 1971ರಲ್ಲೇ ಕೊಟ್ಟ ಉತ್ತರ ಮೊದಲಿಗೆ ವಿಚಿತ್ರವೆನಿಸುತ್ತದೆ: ತಾನೇ ಕಾನೂನು ಮುರಿದವನು. ಜೂಜಿನ ಅಡ್ಡೆ ನಡೆಸುವವನಿಂದ ಸುಲಿಗೆ ಮಾಡಿದರೆ ಅವನು ಪೊಲೀಸ್ ಠಾಣೆಗೆ ಹೋಗಲಾರ. ಅವನ ವ್ಯವಹಾರ ಬೀದಿಗೆ ಕಾಣುವಂಥದ್ದು, ದಿನವೂ ನಗದು ಬರುವಂಥದ್ದು, ಎತ್ತಿಕೊಂಡು ಓಡಲಾಗದಂಥದ್ದು. ಸಂಘಟಿತ ಅಪರಾಧದ ಮುಖ್ಯ ಕಸುಬು ಅಕ್ರಮ ಸರಕಿನ ಮಾರಾಟವಲ್ಲ, ಅದನ್ನು ಮಾರುವವರ ಮೇಲೆ ಕರ ಹಾಕುವುದು ಎಂಬುದು ಅವನ ನಿಲುವು.

ತಿರುಪ್ಪೂರಿನವರು ಇದನ್ನು ಓದಿದಾಗ ಪಾಜೀ ಪ್ರಕರಣವನ್ನು ನೆನೆಯದಿರಲಾರರು. ವಿದೇಶಿ ವಿನಿಮಯದ ವ್ಯಾಪಾರದಿಂದ ಭಾರಿ ಲಾಭ ಕೊಡುವೆವೆಂದು ಹೇಳಿ ಪಾಜೀ ಹೆಸರಿನ ಸಂಸ್ಥೆ 2008ರಿಂದ 2009ರವರೆಗೆ ಸುಮಾರು 930 ಕೋಟಿ ರೂಪಾಯಿ ಠೇವಣಿ ಸಂಗ್ರಹಿಸಿ ಕುಸಿಯಿತು. ಮದರಾಸು ಹೈಕೋರ್ಟಿನ ಆದೇಶದಂತೆ ತನಿಖೆ ಸಿಬಿಐ ಕೈಗೆ ಹೋಯಿತು. 2022ರ ಆಗಸ್ಟಿನಲ್ಲಿ ಕೊಯಮತ್ತೂರಿನ ವಿಶೇಷ ನ್ಯಾಯಾಲಯ ಇಬ್ಬರು ನಿರ್ದೇಶಕರಿಗೆ 27 ವರ್ಷಗಳ ಸೆರೆವಾಸವನ್ನೂ 171 ಕೋಟಿ ಮೀರಿದ ದಂಡವನ್ನೂ ವಿಧಿಸಿತು. ಇದು ಠೇವಣಿದಾರರ ಕಥೆ. ಅದರ ಪಕ್ಕದಲ್ಲೇ ಇನ್ನೊಂದು ಮೊಕದ್ದಮೆ ಇತ್ತು. ಸಂಸ್ಥೆ ಕುಸಿಯುತ್ತಿದ್ದ ದಿನಗಳಲ್ಲಿ ಅದರ ನಿರ್ದೇಶಕಿಯನ್ನು ಕೂಡಿಹಾಕಿ, ಪ್ರಕರಣದಿಂದ ಪಾರು ಮಾಡುವೆವೆಂದು ಕೋಟಿಗಳ ಲೆಕ್ಕದಲ್ಲಿ ಹಣ ಕಿತ್ತುಕೊಳ್ಳಲಾಯಿತು ಎಂದು ಸಿಬಿಐ ಆರೋಪಿಸಿತು. ಆರೋಪಿಗಳ ಪಟ್ಟಿಯಲ್ಲಿ ಹಿರಿಯ ಪೊಲೀಸ್ ಅಧಿಕಾರಿಯೊಬ್ಬರೂ ಇದ್ದರು. ಆರೋಪವನ್ನು ಅವರು ಅಲ್ಲಗಳೆದರು, ಆರೋಪವೆಂಬುದು ತೀರ್ಪೂ ಅಲ್ಲ. ಆದರೂ ಷೆಲ್ಲಿಂಗನ ಮಾತಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಹುಡುಕುವುದು ಕಷ್ಟ. ದೂರು ಕೊಡಲಾರದವರಲ್ಲಿ ಹಣ ರಾಶಿ ಬಿದ್ದಿತ್ತು. ಹಾಗೆ ಹೋಯಿತೆನ್ನಲಾದ ಪ್ರತಿ ರೂಪಾಯಿಯೂ ಠೇವಣಿ ಇಟ್ಟ ಯಾವುದೋ ಮನೆಯದೇ ಆಗಿತ್ತು.

ಪವರ್ ಟೇಬಲಿನ ಒಡೆಯನಿಗೂ ಇದೇ ನ್ಯಾಯ ಚಿಕ್ಕ ಪ್ರಮಾಣದಲ್ಲಿ ಅನ್ವಯಿಸುತ್ತದೆ. ನೋಂದಣಿಯಿಲ್ಲದೆ ನಡೆಸುತ್ತಿದ್ದರೆ, ಭವಿಷ್ಯನಿಧಿ ಕಟ್ಟದಿದ್ದರೆ, ಬಿಲ್ಲಿಲ್ಲದೆ ಕೆಲಸ ಮಾಡಿದ್ದರೆ ಠಾಣೆಯ ಮೆಟ್ಟಿಲು ಹತ್ತಲು ಅವನು ಹಿಂಜರಿಯುತ್ತಾನೆ. ಸಾಲ ಕೊಟ್ಟವನಿಗೆ ಇದು ಗೊತ್ತಿರುತ್ತದೆ.

ಕಂದುವಟ್ಟಿಯ ವಿರುದ್ಧ ತಮಿಳುನಾಡಿನಲ್ಲಿ ಕಾನೂನಿಲ್ಲವೆಂದು ಹೇಳುವಂತಿಲ್ಲ. ಚಿತ್ರ ನಿರ್ಮಾಪಕ ಜಿ. ವೆಂಕಟೇಶ್ವರನ್ 2003ರ ಮೇ ತಿಂಗಳಲ್ಲಿ ಆತ್ಮಹತ್ಯೆ ಮಾಡಿಕೊಂಡ ಬಳಿಕ ಅದೇ ವರ್ಷ ಮಿತಿಮೀರಿದ ಬಡ್ಡಿ ನಿಷೇಧ ಕಾಯಿದೆ ಬಂತು. ದಿನದ ವಟ್ಟಿ, ಗಂಟೆಯ ವಟ್ಟಿ, ಕಂದುವಟ್ಟಿ, ಮೀಟರ್ ವಟ್ಟಿ, ತಂಡಲ್ ಎಂಬ ಬೀದಿಯ ಮಾತುಗಳನ್ನೇ ಆ ಕಾಯಿದೆ ಹೆಸರಿಸಿದೆ. ಇಂಥ ಭಾಷೆ ಕಾಯಿದೆಗಳಲ್ಲಿ ಅಪರೂಪ. ಮೂರು ವರ್ಷದವರೆಗೆ ಸೆರೆವಾಸ, 30,000 ರೂಪಾಯಿವರೆಗೆ ದಂಡ. ಸಾಲಗಾರ ತಾನು ಕೊಡಬೇಕಾದ ಹಣವನ್ನು ನ್ಯಾಯಾಲಯದಲ್ಲಿ ಠೇವಣಿ ಇಟ್ಟು ಋಣಮುಕ್ತಿ ಕೇಳಬಹುದು. ಬಲವಂತವಾಗಿ ಕಿತ್ತುಕೊಂಡ ಆಸ್ತಿಯನ್ನು ಹಿಂದಕ್ಕೆ ಕೊಡಿಸುವ ಅಧಿಕಾರವೂ ನ್ಯಾಯಾಲಯಕ್ಕಿದೆ. ಹೀಗಿದ್ದೂ 2017ರ ಅಕ್ಟೋಬರ್ 23ರಂದು ತಿರುನೆಲ್ವೇಲಿ ಜಿಲ್ಲಾಧಿಕಾರಿ ಕಚೇರಿಯ ಆವರಣದಲ್ಲಿ ಕೂಲಿಯೊಬ್ಬನ ಕುಟುಂಬ, ಇಬ್ಬರು ಪುಟ್ಟ ಹೆಣ್ಣುಮಕ್ಕಳ ಸಹಿತ, ಬೆಂಕಿಗೆ ಆಹುತಿಯಾಯಿತು. ಪಡೆದದ್ದಕ್ಕಿಂತ ಹೆಚ್ಚು ಕಟ್ಟಿದ್ದರೂ ಪೀಡನೆ ನಿಂತಿರಲಿಲ್ಲ. ಅದೇ ಕಚೇರಿಗೆ ಅವರು ಹಿಂದೆಯೂ ಅರ್ಜಿ ಕೊಟ್ಟಿದ್ದರು. 2022ರ ಜೂನಿನಲ್ಲಿ ರಾಜ್ಯದ ಪೊಲೀಸ್ ಮಹಾನಿರ್ದೇಶಕರು ಆಪರೇಷನ್ ಕಂದುವಟ್ಟಿ ಎಂಬ ಹೆಸರಿನಲ್ಲಿ ಬಾಕಿ ದೂರುಗಳನ್ನು ಮತ್ತೆ ತೆರೆಯಲು ಆದೇಶಿಸಬೇಕಾಯಿತು. ಕಾಯಿದೆ ಬಂದು ಆಗ ಹತ್ತೊಂಬತ್ತು ವರ್ಷವಾಗಿತ್ತು.

ದೂರು ಬಿದ್ದುಹೋಗುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ಎಷ್ಟು ಪಡೆದೆ, ಎಷ್ಟು ಕಟ್ಟಿದೆ ಎಂಬುದಕ್ಕೆ ಸಾಲಗಾರನ ಬಳಿ ಕಾಗದವಿರುವುದಿಲ್ಲ. ಪುಸ್ತಕ ಸಾಲ ಕೊಟ್ಟವನ ಚೀಲದಲ್ಲಿರುತ್ತದೆ. ಠಾಣೆಯಲ್ಲಿ ಇದು ಹಣದ ವ್ಯಾಜ್ಯ, ಸಿವಿಲ್ ನ್ಯಾಯಾಲಯಕ್ಕೆ ಹೋಗಿ ಎಂಬ ಮಾತು ಆಗಲೇ ಬರುತ್ತದೆ. ಆದ್ದರಿಂದ ಈ ಪ್ರಕರಣಗಳಲ್ಲಿ ನಿಂತು ಉಳಿಯುವುದು ಸಣ್ಣಪುಟ್ಟ ದಾಖಲೆಗಳೇ: ಕಂತನ್ನು ನಗದಾಗಿ ಕೊಡದೆ ಬ್ಯಾಂಕ್ ಖಾತೆಯ ಮೂಲಕವೋ ಫೋನಿನ ಮೂಲಕವೋ ಕಟ್ಟಿದ ಗುರುತು, ಕೊಟ್ಟ ಚೆಕ್ಕುಗಳ ಸಂಖ್ಯೆಯನ್ನು ಬರೆದಿಟ್ಟ ಹಾಳೆ, ಗೋಡೆಯ ಕ್ಯಾಲೆಂಡರಿನಲ್ಲಿ ಹೆಂಡತಿ ದಿನವೂ ಹಾಕಿದ ಗೀಟು, ಬೆದರಿಸಿದ ಧ್ವನಿಮುದ್ರಿಕೆ. ಲಿಖಿತ ದೂರು ಕೊಟ್ಟಾಗ ತಮಿಳುನಾಡಿನ ಠಾಣೆಗಳಲ್ಲಿ ಸಿ.ಎಸ್.ಆರ್. ಎಂಬ ರಸೀದಿ ಕೊಡುತ್ತಾರೆ. ಅದು ಪ್ರಥಮ ವರ್ತಮಾನ ವರದಿಯಲ್ಲ, ದೂರು ಬಂದಿದೆ ಎಂಬುದಕ್ಕೆ ಗುರುತು ಮಾತ್ರ. ಆದರೆ ಅದರ ಮೇಲೆ ಸಂಖ್ಯೆಯೂ ದಿನಾಂಕವೂ ಇರುತ್ತದೆ. ಮುಂದೆ ಖಾಲಿ ಚೆಕ್ಕಿನಲ್ಲಿ ಮೊತ್ತ ತುಂಬಿ ಮೊಕದ್ದಮೆ ಹೂಡಿದರೆ, ಚೆಕ್ಕು ಬ್ಯಾಂಕಿಗೆ ಬಂದ ದಿನಕ್ಕಿಂತ ಮೊದಲೇ ದೂರು ಕೊಟ್ಟಿದ್ದೆನೆಂದು ತೋರಿಸಲು ಒಡೆಯನ ಕೈಯಲ್ಲಿರುವ ಕಾಗದ ಬಹಳ ಸಲ ಅದೊಂದೇ.